ಸೀಲ್ ರಬ್ಬರ್: ಎಣ್ಣೆಗೊಂದು, ಹಬೆಗೊಂದು

ಸಿಂಧನೂರು: ಅಕ್ಕಿ ಗಿರಣಿಯಲ್ಲಿ ಗೇರ್‌ಬಾಕ್ಸ್‌ನ ಸೀಲ್ ಎಣ್ಣೆಯನ್ನು ತಡೆಯಬೇಕು, ಭತ್ತ ಬೇಯಿಸುವ ಕೊಳವೆಯ ಗ್ಯಾಸ್ಕೆಟ್ ಹಬೆಯನ್ನು ತಡೆಯಬೇಕು. ಎರಡೂ ಕಪ್ಪು ರಬ್ಬರೇ ಆದರೂ ಅದಲುಬದಲಾಗಿ ಬಳಸುವಂತಿಲ್ಲ.

ನೈಟ್ರೈಲ್ ರಬ್ಬರ್ ಡೀಸೆಲ್ ಹಾಗೂ ಗೇರ್ ಎಣ್ಣೆಯನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಹಬೆಯಲ್ಲಿ ಗಡುಸಾಗಿ ಬಿರಿಯುತ್ತದೆ. ಇಪಿಡಿಎಂ ಹಬೆಗೆ ಸೂಕ್ತ. ಆದರೆ ಗೇರ್‌ಬಾಕ್ಸ್‌ಗೆ ಹಾಕಿದರೆ ಎಣ್ಣೆಯನ್ನು ಹೀರಿ ಉಬ್ಬಿ, ಮೆತ್ತಗಾಗಿ, ಸೋರಿಕೆಗೆ ದಾರಿಯಾಗುತ್ತದೆ. ಸಿಲಿಕೋನ್ ಸುಮಾರು 200 ಡಿಗ್ರಿಯ ಒಣ ಶಾಖವನ್ನು ತಾಳಿದರೂ ಒತ್ತಡದ ಹಬೆಯಲ್ಲಿ ಕೆಡುತ್ತದೆ. ಫ್ಲೋರೋ ರಬ್ಬರ್ ಬಿಸಿ ಎಣ್ಣೆಗೆ ಶ್ರೇಷ್ಠ. ಅದರ ಸಾಮಾನ್ಯ ದರ್ಜೆ ಹಬೆಗೆ ಒಗ್ಗದು.

ಗುರುತಿಲ್ಲದ ಉಂಗುರವಾದರೆ ಅದರ ಅಳತೆ ತೆಗೆದು, ಒಂದು ದಿನ ಡೀಸೆಲ್‌ನಲ್ಲಿ ಮುಳುಗಿಸಿ, ಮತ್ತೆ ಅಳೆಯಬೇಕು. ಎದ್ದುಕಾಣುವಷ್ಟು ಉಬ್ಬಿದ್ದರೆ ಅದು ಎಣ್ಣೆಗೆ ತಕ್ಕುದಲ್ಲ. ಉಬ್ಬದಿದ್ದ ಮಾತ್ರಕ್ಕೆ ಶಾಖವನ್ನೂ ತಾಳುತ್ತದೆಂದು ಭಾವಿಸುವಂತಿಲ್ಲ.