ಚಾನೆಲ್‌ಗಳ ನಡುವಿನ ಖಾಲಿ ಜಾಗದ ಬೆಲೆ

ಗದಗ ಸೀಮೆಯ ಹಳೆಯ ರೇಡಿಯೊಗಳಲ್ಲಿ ಧಾರವಾಡ ಆಕಾಶವಾಣಿ ಸಿಗುವ ಜಾಗ 765 ಕಿಲೋಹರ್ಟ್ಸ್. ಅದಕ್ಕೆ ತಾಗಿದ ಚಾನೆಲ್‌ಗಳು 756 ಮತ್ತು 774. ಜಗತ್ತಿನ ನಮ್ಮ ಭಾಗದಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಲಾಗಿದೆ. ಬೆಂಗಳೂರಿನ 612, ಭದ್ರಾವತಿಯ 675, ಕಲಬುರಗಿಯ 1107, ಯಾವುದನ್ನು ಬೇಕಾದರೂ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯದು. ಎಲ್ಲರೂ ಒಂದೇ ಹೊತ್ತಿಗೆ ಮಾತಾಡುತ್ತಾರೆ, ಆದರೆ ಬೇರೆ ಬೇರೆ ಆವೃತ್ತಿಯಲ್ಲಿ. ಆವೃತ್ತಿ ವಿಭಜನೆ, ಅಂದರೆ ಎಫ್‌ಡಿಎಂ, ಇಷ್ಟೇ. ಎಲ್ಲರಿಗೂ ಒಂದೇ ಆವೃತ್ತಿ ಕೊಟ್ಟು, ಸರದಿಯ ಮೇಲೆ ಮಾತಾಡಲು ಬಿಟ್ಟರೆ ಅದು ಕಾಲ ವಿಭಜನೆ, ಟಿಡಿಎಂ.

ಪಠ್ಯಪುಸ್ತಕಗಳು ಇವೆರಡನ್ನು ಎರಡು ಅಂಕಣಗಳಲ್ಲಿ ಎದುರುಬದುರು ನಿಲ್ಲಿಸಿ, ಟಿಡಿಎಂ ಹೆಚ್ಚು ದಕ್ಷ ಎಂದು ಮುಗಿಸುತ್ತವೆ. ಆ ತೀರ್ಪು ಅರ್ಧ ಮಾತ್ರ ನಿಜ. ಖಾಲಿ ಬಿಡುವ ಜಾಗ ಎರಡರಲ್ಲೂ ಇದೆ. ಅದು ಯಾವುದರಿಂದಾಗಿ ಹಿಗ್ಗುತ್ತದೆ, ಯಾವುದರಿಂದ ಕುಗ್ಗುತ್ತದೆ ಎಂದು ನೋಡಿದರೇ ವ್ಯತ್ಯಾಸ ತಿಳಿಯುವುದು.

ಮೊದಲು ಟ್ರಂಕ್ ಕಾಲ್‌ಗಳ ಕಾಲಕ್ಕೆ ಹೋಗೋಣ. ದೂರದ ಊರುಗಳ ನಡುವೆ ಒಂದು ಮಾತಿಗೆ ಒಂದು ಜೋಡಿ ತಂತಿ ಎಳೆಯುವುದು ಗಿಟ್ಟದ ಲೆಕ್ಕ. ಹಾಗಾಗಿ ಒಂದೇ ಜೋಡಿಯ ಮೇಲೆ ಹಲವು ಮಾತುಗಳನ್ನು ಏರಿಸುವ ಕ್ಯಾರಿಯರ್ ಉಪಕರಣ ಬಂತು. ಬೆಂಗಳೂರಿನ ಐಟಿಐ ಕಾರ್ಖಾನೆ ಇಂಥ ಉಪಕರಣಗಳನ್ನು ತಯಾರಿಸುತ್ತಿತ್ತು. ಫೋನಿನ ಧ್ವನಿಗೆ ಬೇಕಾದದ್ದು 300ರಿಂದ 3400 ಹರ್ಟ್ಸ್, ಅಂದರೆ 3100 ಹರ್ಟ್ಸ್ ಅಗಲ. ಕೊಟ್ಟದ್ದು ಮಾತ್ರ 4000. ಹನ್ನೆರಡು ಮಾತುಗಳನ್ನು 60ರಿಂದ 108 ಕಿಲೋಹರ್ಟ್ಸ್‌ವರೆಗೆ ಸಾಲಾಗಿ ಪೇರಿಸಿದರೆ ಒಂದು ಗುಂಪು. ಪ್ರತಿ ಮಾತಿನ ಪಕ್ಕದಲ್ಲಿ 900 ಹರ್ಟ್ಸ್ ಬೀಳು. ಇದೇ ಗಾರ್ಡ್ ಬ್ಯಾಂಡ್, ಎರಡು ಹೊಲಗಳ ನಡುವಿನ ಬದುವಿನಂತೆ. ಅಲ್ಲಿ ಏನೂ ಬೆಳೆಯುವುದಿಲ್ಲ, ಇಲ್ಲದಿದ್ದರೆ ಮಾತ್ರ ಜಗಳ.

ಲೆಕ್ಕ ಹಾಕಿದರೆ 48 ಕಿಲೋಹರ್ಟ್ಸ್‌ನಲ್ಲಿ 10.8 ಬೀಳು ಬಿದ್ದಿದೆ. ಅಷ್ಟರಲ್ಲಿ ಇನ್ನೂ ಮೂರು ಮಾತು ಕೂರುತ್ತಿದ್ದವು. ಏಕೆ ಕೂರಿಸಲಿಲ್ಲ? ಯಾವ ಫಿಲ್ಟರೂ ಗೋಡೆಯಂತೆ ನೆಟ್ಟಗೆ ಕತ್ತರಿಸುವುದಿಲ್ಲ, ಇಳಿಜಾರಾಗಿ ಇಳಿಯುತ್ತದೆ. ಆ ಇಳಿಜಾರಿಗೆ ಬೇಕಾದ ಜಾಗವೇ ಈ 900 ಹರ್ಟ್ಸ್. ಇಳಿಜಾರನ್ನು ಕಡಿದಾಗಿಸಬಹುದು, ಆದರೆ ಫಿಲ್ಟರ್ ದುಬಾರಿಯಾಗುತ್ತದೆ. ಸಮುದ್ರದಡಿಯ ಕೇಬಲ್‌ಗೆ ಸುರಿದ ಹಣದ ಮುಂದೆ ಫಿಲ್ಟರ್ ಖರ್ಚು ಏನೂ ಅಲ್ಲವಾದ್ದರಿಂದ, ಅಲ್ಲಿ ಚಾನೆಲ್‌ನ ಅಗಲವನ್ನು 3 ಕಿಲೋಹರ್ಟ್ಸ್‌ಗೆ ಇಳಿಸಿ, ಅದೇ 48ರಲ್ಲಿ ಹದಿನಾರು ಮಾತು ತುಂಬಿದರು. ಗಾರ್ಡ್ ಬ್ಯಾಂಡ್‌ನ ಅಗಲ ಪ್ರಕೃತಿ ನಿಯಮವಲ್ಲ, ಖರ್ಚಿನ ತೀರ್ಮಾನ.

ಫಿಲ್ಟರ್ ಸೋತರೆ ಪಕ್ಕದ ಚಾನೆಲ್‌ನ ಮಾತು ತಲೆಕೆಳಗಾದ ಗುಸುಗುಸುವಾಗಿ ಕೇಳುತ್ತದೆ. ಆದರೆ ಎಫ್‌ಡಿಎಂನ ನಿಜವಾದ ಶತ್ರು ಬೇರೆಯೇ. ದಾರಿಯುದ್ದಕ್ಕೂ ಇಟ್ಟ ಆಂಪ್ಲಿಫೈಯರ್‌ಗಳು ಮಾತಿನ ಜೊತೆ ಗದ್ದಲವನ್ನೂ ಹಿಗ್ಗಿಸುತ್ತ ಹೋಗುತ್ತವೆ. ದೂರ ಹೆಚ್ಚಿದಷ್ಟೂ ಮಾತು ಮಸುಕು.

1986ರ ಜುಲೈನಲ್ಲಿ ಧಾರವಾಡದಾಚೆಯ ಕಿತ್ತೂರಿನಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಶುರುವಾಯಿತು. 128 ಪೋರ್ಟ್‌ಗಳ, ಹವಾನಿಯಂತ್ರಣ ಬೇಡದ ಯಂತ್ರ. ಅದರೊಳಗೆ ನಡೆಯುವುದು ಟಿಡಿಎಂ: ಪ್ರತಿ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್ ಮಾಡಿ, ಸರದಿಯ ಪ್ರಕಾರ ಸಾಗಿಸುವುದು. ಊರುಗಳ ನಡುವಿನ ಡಿಜಿಟಲ್ ಮಾರ್ಗದಲ್ಲೂ ಇದೇ ಕ್ರಮ. 125 ಮೈಕ್ರೊಸೆಕೆಂಡಿನ ಒಂದು ಸುತ್ತಿನಲ್ಲಿ 32 ಸರದಿಗಳು, ಅವುಗಳಲ್ಲಿ 30 ಮಾತಿಗೆ, ಒಂದು ಸುತ್ತಿನ ಆರಂಭ ಗುರುತಿಸಲು, ಇನ್ನೊಂದು ಕರೆಯ ಸೂಚನೆಗಳಿಗೆ. ಒಟ್ಟು ವೇಗ 2.048 ಮೆಗಾಬಿಟ್.

ಈಗ ಪುಸ್ತಕದ ತೀರ್ಪನ್ನು ಪರೀಕ್ಷಿಸೋಣ. ಮೂವತ್ತು ಮಾತಿಗೆ ಎಫ್‌ಡಿಎಂ ಕೇಳುವುದು 120 ಕಿಲೋಹರ್ಟ್ಸ್. 2.048 ಮೆಗಾಬಿಟ್ ಸಾಗಿಸುವ ಸಾದಾ ಎರಡು ಮಟ್ಟದ ಸಂಕೇತಕ್ಕೆ ತೀರಾ ಕಡಿಮೆಯೆಂದರೂ 1 ಮೆಗಾಹರ್ಟ್ಸ್ ಬೇಕು, ಅಂದರೆ ಎಂಟು ಪಟ್ಟಿಗಿಂತ ಹೆಚ್ಚು! ಬ್ಯಾಂಡ್‌ವಿಡ್ತ್ ಉಳಿಸಿ ಟಿಡಿಎಂ ಗೆದ್ದದ್ದಲ್ಲ. ದಾರಿಯಲ್ಲಿ ಬಿಟ್‌ಗಳನ್ನು ಹೊಸದಾಗಿ ರೂಪಿಸಿ ಕಳಿಸಬಹುದು, ಗದ್ದಲ ಕೂಡಿಕೊಳ್ಳುವುದಿಲ್ಲ. ಚಾನೆಲ್‌ಗೊಂದು ಫಿಲ್ಟರ್ ಬದಲು ಎಲ್ಲಕ್ಕೂ ಸೇರಿ ಒಂದು ಗಡಿಯಾರ ಸಾಕು. ಗೆಲುವು ಅಲ್ಲಿತ್ತು. ಹೊಸ ರೋಗಗಳೂ ಅಲ್ಲಿಂದಲೇ ಬಂದವು. ಎರಡು ಕೇಂದ್ರಗಳ ಗಡಿಯಾರ ಹೊಂದದಿದ್ದರೆ ಆಗಾಗ ಒಂದು ಸುತ್ತು ಜಾರಿಹೋಗುತ್ತದೆ. ಮಾತಾಡುವವರಿಗೆ ಸಣ್ಣ ಟಿಕ್ ಸದ್ದು, ಫ್ಯಾಕ್ಸ್ ಕಳಿಸುವವರಿಗೆ ಹಾಳಾದ ಪುಟ. ಸುತ್ತಿನ ಆರಂಭವೇ ತಪ್ಪಿದರೆ ಮೂವತ್ತೂ ಮಾತುಗಳು ಒಟ್ಟಿಗೆ ಹೋಗುತ್ತವೆ.

ತಂತಿ ಬಿಟ್ಟು ಗಾಳಿಗೆ ಬಂದರೆ ಸರದಿಯ ನಡುವೆಯೂ ಬಿಡುವು ಬೇಕಾಗುತ್ತದೆ. 2ಜಿ ಮೊಬೈಲ್‌ನ ಜಿಎಸ್‌ಎಂ ಎರಡೂ ವಿಧಾನಗಳ ಸಂಸಾರ: ಆವೃತ್ತಿಯನ್ನು 200 ಕಿಲೋಹರ್ಟ್ಸ್ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯನ್ನು ಎಂಟು ಸರದಿಗಳಿಗೆ ಹಂಚುತ್ತದೆ. ಒಂದು ಸರದಿ 577 ಮೈಕ್ರೊಸೆಕೆಂಡ್, ಅದರ ಕೊನೆಯ ಸುಮಾರು 30 ಮೈಕ್ರೊಸೆಕೆಂಡ್ ಬಿಡುವು. ದೂರದ ಫೋನಿನ ಸಂಕೇತ ತಡವಾಗಿ ಬಂದು ಮುಂದಿನವನ ಸರದಿಯನ್ನು ತುಳಿಯಬಾರದೆಂದು ಈ ಏರ್ಪಾಟು.

ಗದಗಿನಲ್ಲಿ ಒಂದೇ ಒಂದು ಎತ್ತರದ ಟವರ್ ಇದೆ ಎಂದುಕೊಳ್ಳಿ. ರೇಡಿಯೊ ಅಲೆ 30 ಮೈಕ್ರೊಸೆಕೆಂಡಿನಲ್ಲಿ ಹೋಗಿ ಬರಬಲ್ಲ ದೂರ ನಾಲ್ಕೂವರೆ ಕಿಲೋಮೀಟರ್. ಆ ಬಿಡುವನ್ನೇ ನಂಬಿದರೆ ಗದಗ-ಬೆಟಗೇರಿ ಅವಳಿ ಊರಿಗೆ ಸಾಕು, ಆಚೆಗೆ ಇಲ್ಲ. ಅದಕ್ಕೇ ಟವರ್ ಪ್ರತಿ ಫೋನಿಗೂ ‘ನೀನು ಇಷ್ಟು ಮುಂಚೆ ಕಳಿಸು’ ಎಂದು ಹೇಳುತ್ತದೆ. ಈ ಮುಂಗಡವನ್ನು ಟೈಮಿಂಗ್ ಅಡ್ವಾನ್ಸ್ ಎನ್ನುತ್ತಾರೆ. ಒಂದು ಹೆಜ್ಜೆಗೆ ಸುಮಾರು 550 ಮೀಟರ್, ಗರಿಷ್ಠ 63 ಹೆಜ್ಜೆ, ಅಂದರೆ 35 ಕಿಲೋಮೀಟರ್. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಶಿರಹಟ್ಟಿ ಗದಗಿನಿಂದ ಹೆಚ್ಚುಕಡಿಮೆ 22 ಕಿಲೋಮೀಟರ್: 40 ಹೆಜ್ಜೆ, ಧಾರಾಳ. ಮುಂಡರಗಿ ಸುಮಾರು 36: 65 ಹೆಜ್ಜೆ ಬೇಕು. ಲಕ್ಷ್ಮೇಶ್ವರ ಇನ್ನೂ ತುಸು ದೂರ. ಕಪ್ಪತಗುಡ್ಡ ಅಡ್ಡ ಬಾರದಿದ್ದರೂ, ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಕಂಡರೂ, ಅಲ್ಲಿಂದ ಕರೆ ಹೋಗದು. ಸಿಗ್ನಲ್ ಇದೆ, ಕರೆ ಮಾತ್ರ ಸೇರುತ್ತಿಲ್ಲ ಎಂದಾದರೆ ಶಕ್ತಿಯನ್ನಷ್ಟೇ ಅಲ್ಲ, ದೂರವನ್ನೂ ಸಂಶಯಿಸಬೇಕು. ಇದಕ್ಕೂ ಮದ್ದಿದೆ: ಒಂದು ಕರೆಗೆ ಎರಡು ಸರದಿ ಕೊಟ್ಟರೆ 35ರ ಗಡಿ ದಾಟಬಹುದು. ಆದರೆ ಕರೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ವಾಸ್ತವದಲ್ಲಿ ಊರೂರಿಗೆ ಟವರ್ ನೆಟ್ಟದ್ದರಿಂದ ಈ ಪ್ರಶ್ನೆ ಅಪರೂಪವಾಯಿತು.

4ಜಿ ಮತ್ತೆ ಆವೃತ್ತಿ ವಿಭಜನೆಗೆ ಮರಳಿತು, ಆದರೆ ಹಳೆಯ ರೀತಿಯಲ್ಲಲ್ಲ. 15 ಕಿಲೋಹರ್ಟ್ಸ್ ಅಂತರದ ನೂರಾರು ಸಣ್ಣ ಅಲೆಗಳು ಒಂದರ ಮೇಲೊಂದು ಹಾಯ್ದಿರುತ್ತವೆ, ನಡುವೆ ಗಾರ್ಡ್ ಬ್ಯಾಂಡ್ ಇಲ್ಲವೇ ಇಲ್ಲ. ಒಂದು ಅಲೆಯ ಶಿಖರದಲ್ಲಿ ಉಳಿದೆಲ್ಲವೂ ಸೊನ್ನೆಯಾಗುವಂತೆ ಅಂತರ ಹೊಂದಿಸಿರುವುದರಿಂದ ಫಿಲ್ಟರ್ ಬದಲು ಗಣಿತ ಬೇರ್ಪಡಿಸುತ್ತದೆ. ಖಾಲಿ ಜಾಗ ಉಳಿದದ್ದು ಚಾನೆಲ್‌ನ ಎರಡು ಅಂಚುಗಳಲ್ಲಿ ಮಾತ್ರ: 10 ಮೆಗಾಹರ್ಟ್ಸ್‌ನಲ್ಲಿ 1. 5ಜಿಯ 100 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಅದು 2 ಮೆಗಾಹರ್ಟ್ಸ್‌ಗೂ ಕಡಿಮೆ.

ಅಷ್ಟಾದರೂ ಗುಡ್ಡ, ಕಟ್ಟಡಗಳಿಗೆ ಬಡಿದು ತಡವಾಗಿ ಬರುವ ಪ್ರತಿಧ್ವನಿಗಳಿಗಾಗಿ ಪ್ರತಿ ಸಂಕೇತದ ತಲೆಗೆ ಅದರದೇ ಬಾಲದ ಒಂದು ತುಣುಕನ್ನು ಅಂಟಿಸಬೇಕು. 4ಜಿಯಲ್ಲಿ ಇದು ಸುಮಾರು 4.7 ಮೈಕ್ರೊಸೆಕೆಂಡ್, ಒಟ್ಟು ಸಮಯದ ಶೇ 7ರಷ್ಟು. 5ಜಿಯಲ್ಲೂ ಪಾಲು ಅಷ್ಟೇ. ಆವೃತ್ತಿಯ ಬೀಳನ್ನು ಒಳ್ಳೆಯ ಫಿಲ್ಟರ್ ಮತ್ತು ಚಿಪ್‌ಗಳು ಕರಗಿಸಿದವು. ಸಮಯದ ಬಿಡುವು ದೂರ ಮತ್ತು ಬೆಳಕಿನ ವೇಗಕ್ಕೆ ಕಟ್ಟುಬಿದ್ದಿರುವುದರಿಂದ ಟವರ್‌ಗಳನ್ನು ಹತ್ತಿರ ತಂದಾಗಷ್ಟೇ ಕುಗ್ಗುತ್ತದೆ.