ಹಿಂದಿನ ಮಾತನ್ನು ಬೇಡುವ ವಾಕ್ಯ: ಅದಲುಬದಲಾದ ಕನ್ನಡ ವಾಕ್ಯಗಳ ಜೋಡಣೆಯಲ್ಲಿ ಸರ್ವನಾಮ ಮತ್ತು ಕೊಂಡಿಪದಗಳು

ಸ್ಪರ್ಧಾತ್ಮಕ ಪರೀಕ್ಷೆಗಳ ಭಾಷಾಪತ್ರಿಕೆಯಲ್ಲಿ ವಾಕ್ಯಗಳನ್ನು ಕ್ರಮಕ್ಕೆ ತರುವ ಪ್ರಶ್ನೆ ಬಹಳ ಹಳೆಯದು. ಮೊದಲನೆಯ ಮತ್ತು ಆರನೆಯ ವಾಕ್ಯವನ್ನು ಕೊಟ್ಟು, ನಡುವಿನ ಪಿ, ಕ್ಯೂ, ಆರ್, ಎಸ್ ಎಂಬ ನಾಲ್ಕನ್ನು ಜೋಡಿಸಲು ಕೇಳುವುದು ಒಂದು ರೀತಿ. ಎಲ್ಲ ವಾಕ್ಯಗಳನ್ನೂ ಕಲಸಿಕೊಟ್ಟು, ಆರಂಭವಾಕ್ಯವನ್ನೂ ಅಭ್ಯರ್ಥಿಯೇ ಹುಡುಕಲಿ ಎನ್ನುವುದು ಇನ್ನೊಂದು. ಎರಡನೆಯದು ಹೆಚ್ಚು ಕಷ್ಟದ್ದು, ಭಾಷೆಯ ಒಳಗುಟ್ಟನ್ನು ಹೆಚ್ಚು ತೋರಿಸುವಂಥದ್ದೂ ಹೌದು. ಈ ಲೇಖನ ಅದನ್ನು ಕುರಿತದ್ದು.

ತೊಂದರೆ ಶುರುವಾಗುವುದು ಇಂಗ್ಲಿಷ್ ಪತ್ರಿಕೆಗೆಂದು ಕಲಿತ ಸೂತ್ರಗಳನ್ನು ಕನ್ನಡ ವಾಕ್ಯಗಳಿಗೂ ಹಚ್ಚಿದಾಗ. ಇಂಗ್ಲಿಷಿನಲ್ಲಿ ‘ಎ’ ಎಂದು ಪರಿಚಯವಾದದ್ದು ಮುಂದೆ ‘ದ’ ಎಂದು ಬರುತ್ತದೆ. ‘ಹಿ’, ‘ಶಿ’, ‘ಇಟ್’ ಇರುವ ವಾಕ್ಯ ಮೊದಲನೆಯದಾಗುವುದು ಅಪರೂಪ. ಕನ್ನಡದಲ್ಲಿ ‘ದ’ ಎಂಬುದಕ್ಕೆ ಸಮನಾದ ಪದವೇ ಇಲ್ಲ. ಸರ್ವನಾಮ ಇರಬೇಕಾದ ಕಡೆ ಅದನ್ನು ಬಿಟ್ಟುಬಿಡುವುದೇ ನಮ್ಮ ರೂಢಿ. ಹೀಗಾಗಿ ವಾಕ್ಯದಲ್ಲಿ ‘ಅವನು’, ‘ಅದು’ ಕಾಣಲಿಲ್ಲವೆಂದು ಅದನ್ನು ಆರಂಭವಾಕ್ಯವೆಂದು ತಿಳಿದರೆ ಉತ್ತರ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಕನ್ನಡದ ಕೊಂಡಿ ಬಹುಪಾಲು ಬಿಡಿ ಪದದಲ್ಲಿರದೆ ನಾಮಪದದ ಬಾಲದಲ್ಲಿ, ಕ್ರಿಯಾಪದದ ತುದಿಯಲ್ಲಿ ಅಡಗಿರುತ್ತದೆ.

ಹಾಲಿಡೇ ಮತ್ತು ಹಸನ್ 1976ರಲ್ಲಿ ಇಂಗ್ಲಿಷ್ ಪಠ್ಯದ ಬಂಧವನ್ನು ಐದು ಬಗೆಯಾಗಿ ವಿಂಗಡಿಸಿದರು: ನಿರ್ದೇಶನ, ಬದಲಿ ಪದ, ಲೋಪ, ಸಂಯೋಜನೆ ಮತ್ತು ಪದಸಂಬಂಧ. ಆ ವಿಂಗಡಣೆ ಕನ್ನಡಕ್ಕೂ ಒದಗುತ್ತದೆ, ಆದರೆ ತೂಕ ಬೇರೆ. ಇಂಗ್ಲಿಷಿನಲ್ಲಿ ನಿರ್ದೇಶನ ಹೊರುವ ಭಾರದ ದೊಡ್ಡ ಪಾಲನ್ನು ನಮ್ಮಲ್ಲಿ ಲೋಪ ಹೊರುತ್ತದೆ. ಆರಂಭವಾಕ್ಯವನ್ನು ಗುರುತಿಸಲು ಮಾತ್ರ ನಮ್ಮ ಶಾಸ್ತ್ರಕಾರರ ‘ಆಕಾಂಕ್ಷೆ’ ಎಂಬ ಕಲ್ಪನೆಯೇ ನನಗೆ ಹೆಚ್ಚು ಹತ್ತಿರವೆನಿಸುತ್ತದೆ. ಒಂದು ಪದ ಅರ್ಥ ತುಂಬಿಕೊಳ್ಳಲು ಇನ್ನೊಂದನ್ನು ಬೇಡುವುದಕ್ಕೆ ಅವರು ಕೊಟ್ಟ ಹೆಸರದು. ಅದನ್ನು ವಾಕ್ಯಗಳ ನಡುವಿನ ಸಂಬಂಧಕ್ಕೂ ಹಿಗ್ಗಿಸಬಹುದು: ಹಿಂದಿನ ಯಾವ ಮಾತನ್ನೂ ಬೇಡದ ವಾಕ್ಯ ಆರಂಭಕ್ಕೆ ತಕ್ಕದ್ದು. ಪ್ರತಿ ವಾಕ್ಯವನ್ನೂ ಒಂಟಿಯಾಗಿ ಓದಿ ‘ಯಾರು?’, ‘ಯಾವುದು?’, ‘ಮತ್ತ್ಯಾರು?’, ‘ಏನಾದರೂ?’ ಎಂಬ ಪ್ರಶ್ನೆ ಏಳುತ್ತದೆಯೇ ಎಂದು ನೋಡುವುದೇ ಪರೀಕ್ಷೆ.

ಇದನ್ನು ಹಳೇ ಹುಬ್ಬಳ್ಳಿಯ ಚರಿತ್ರೆಯನ್ನೇ ವಸ್ತುವಾಗಿಟ್ಟು ಈ ಲೇಖನಕ್ಕೆಂದು ರಚಿಸಿದ ಐದು ವಾಕ್ಯಗಳಲ್ಲಿ ನೋಡೋಣ.

ಅ. 1673ರಲ್ಲಿ ಮರಾಠರ ದಂಡು ಅದನ್ನು ಲೂಟಿ ಮಾಡಿತು.
ಆ. ಹೊಸದು ಬೆಳೆದ ಮೇಲೆ ಮೊದಲಿನ ಊರು ಹಳೇ ಹುಬ್ಬಳ್ಳಿ ಎನಿಸಿಕೊಂಡಿತು.
ಇ. ದೂರದೂರದ ವರ್ತಕರು ಬಟ್ಟೆ ಕೊಳ್ಳಲು ಹುಬ್ಬಳ್ಳಿಗೆ ಬರುತ್ತಿದ್ದ ಕಾಲವೊಂದಿತ್ತು.
ಈ. ಆದರೂ ಊರಿನ ವ್ಯಾಪಾರ ನಿಂತುಹೋಗಲಿಲ್ಲ; 1727ರಲ್ಲಿ ಬಸಪ್ಪಶೆಟ್ಟರು ಎಂಬ ವರ್ತಕರು ಕೋಟೆಯ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು.
ಉ. ಇಂಗ್ಲಿಷರೂ ಅಲ್ಲೊಂದು ಕೋಠಿ ತೆರೆದರು.

ಇಸವಿಯಿಂದ ಶುರುವಾಗುವ ‘ಅ’ ವಾಕ್ಯ ಕಣ್ಣಿಗೆ ಆರಂಭವಾಕ್ಯದಂತೆ ಕಾಣುತ್ತದೆ. ಚರಿತ್ರೆಯ ಪಾಠಗಳು ಇಸವಿಯಿಂದ ತೊಡಗುವುದನ್ನು ಓದಿ ಓದಿ ಬಂದ ಅಭ್ಯಾಸ ಅದು. ಆದರೆ ‘ಅದನ್ನು’ ಎಂದೊಡನೆ ‘ಯಾವುದನ್ನು?’ ಎಂಬ ಪ್ರಶ್ನೆ ಎದ್ದಿತು. ‘ಆ’ ವಾಕ್ಯದಲ್ಲಿ ಸರ್ವನಾಮವೇ ಇಲ್ಲ. ಆದರೂ ‘ಹೊಸದು’ ಎಂಬುದು ನಾಮಪದವನ್ನು ನುಂಗಿಕೊಂಡ ವಿಶೇಷಣ, ‘ಮೊದಲಿನ’ ಎಂಬುದೂ ಎರಡನೆಯದೊಂದು ಬಂದಿರಬೇಕೆಂದು ಹೇಳುತ್ತದೆ. ‘ಈ’ ವಾಕ್ಯದ ‘ಆದರೂ’ ಹಿಂದೊಂದು ಕೆಡುಕನ್ನು ಬೇಡುತ್ತದೆ. ‘ಉ’ ವಾಕ್ಯದಲ್ಲಿ ‘ಅಲ್ಲಿ’ ಸ್ಥಳವನ್ನು ಕೇಳಿದರೆ, ‘ಇಂಗ್ಲಿಷರೂ’ ಎಂಬುದರ ಕೊನೆಯ ಊಕಾರ ‘ಇನ್ನ್ಯಾರು?’ ಎಂದು ಕೇಳುತ್ತದೆ. ಉಳಿದದ್ದು ‘ಇ’. ಅದರಲ್ಲಿ ಊರು ಪೂರ್ಣ ಹೆಸರಿನಿಂದ ಬಂದಿದೆ, ‘ಕಾಲವೊಂದಿತ್ತು’ ಎಂಬಲ್ಲಿ ಬಾಲಕ್ಕೆ ಅಂಟಿದ ‘ಒಂದು’ ಹೊಸ ಸಂಗತಿಯನ್ನು ಮುಂದಿಡುತ್ತಿದೆ. ‘ಒಂದು’, ‘ಒಬ್ಬ’, ‘ಎಂಬ’ ಇವು ಪರಿಚಯದ ಗುರುತುಗಳು ನಿಜ. ಆದರೆ ‘ಈ’ ವಾಕ್ಯದಲ್ಲೂ ‘ಎಂಬ’ ಇದೆ, ‘ಉ’ದಲ್ಲೂ ‘ಒಂದು’ ಇದೆ. ಪರಿಚಯದ ಗುರುತು ಇದ್ದರೆ ಸಾಲದು, ಹಿಂದಿನ ಬೇಡಿಕೆ ಇರಬಾರದು. ಎರಡನೆಯದೇ ಗಟ್ಟಿ ಕಟ್ಟಳೆ.

ಐದು ವಾಕ್ಯಗಳನ್ನು 120 ಬಗೆಯಲ್ಲಿ ಜೋಡಿಸಬಹುದು. ಆರಂಭ ನಿಂತರೆ ಉಳಿಯುವುದು 24. ಇಲ್ಲಿ ಅಭ್ಯರ್ಥಿಗಳು ಆರಂಭದಿಂದ ಒಂದೊಂದೇ ವಾಕ್ಯವಾಗಿ ಮುಂದೆ ನಡೆಯಲು ನೋಡುತ್ತಾರೆ. ಅದಕ್ಕಿಂತ ಬಿಗಿಯಾದ ಜೋಡಿಯನ್ನು ಮೊದಲು ಕಟ್ಟುವುದು ಮೇಲು. ‘ಆದರೂ ವ್ಯಾಪಾರ ನಿಂತುಹೋಗಲಿಲ್ಲ’ ಎಂಬುದಕ್ಕೆ ಹಿಂದೆ ನಿಲ್ಲಬಲ್ಲ ಕೆಡುಕು ಒಂದೇ, ಲೂಟಿ. ಆದ್ದರಿಂದ ‘ಅ’ ಆದ ಮೇಲೆ ‘ಈ’. ‘ಹೊಸದು’ ಹುಡುಕುವುದು ‘ಹೊಸ ಹುಬ್ಬಳ್ಳಿ’ಯನ್ನು, ಆದ್ದರಿಂದ ‘ಈ’ ಆದ ಮೇಲೆ ‘ಆ’. ಈಗ ಪ್ರಶ್ನೆ ‘ಉ’ ಎಲ್ಲಿ ಎಂಬುದೊಂದೇ. ಸರ್ವನಾಮವನ್ನೇ ನಂಬಿದರೆ ಇದು ಬಿಡಿಸಲಾಗದ ಗಂಟು, ಏಕೆಂದರೆ ‘ಅದನ್ನು’ ಎಂಬುದು ಕೋಠಿಗೂ ಸಲ್ಲುತ್ತದೆ, ಊರಿಗೂ ಸಲ್ಲುತ್ತದೆ. ಎರಡೂ ನಪುಂಸಕ ಏಕವಚನ, ಎರಡೂ ಲೂಟಿಯಾಗಬಲ್ಲವು. ‘ಅಲ್ಲಿ’ ಎಂಬುದಕ್ಕೂ ಹುಬ್ಬಳ್ಳಿ ಎಲ್ಲೆಡೆ ಸಿಗುತ್ತದೆ. ತೀರ್ಮಾನ ಕೊಡುವುದು ‘ಇಂಗ್ಲಿಷರೂ’ ಎಂಬುದರ ಊಕಾರ. ಅದು ಹಿಂದೆ ಇನ್ನೊಬ್ಬರನ್ನು ಕೇಳುತ್ತದೆ, ಅವರು ಅದೇ ಬಗೆಯ ಕೆಲಸ ಮಾಡಿರಬೇಕೆಂದೂ ಕೇಳುತ್ತದೆ. ವ್ಯಾಪಾರಕ್ಕೆ ಬಂದ ದೂರದ ವರ್ತಕರು ಇರುವುದು ‘ಇ’ ವಾಕ್ಯದಲ್ಲಿ. ಮರಾಠರ ದಂಡಿನ ಮಗ್ಗುಲಲ್ಲಿ ಇಟ್ಟರೆ ಆ ಊಕಾರಕ್ಕೆ ನೆಲೆಯೇ ಇಲ್ಲ. ಕ್ರಮ: ಇ, ಉ, ಅ, ಈ, ಆ.

ಈ ಊಕಾರ ಕಣ್ಣು ತಪ್ಪಿಸುವುದಕ್ಕೆ ಹಳೇ ಹುಬ್ಬಳ್ಳಿಯಲ್ಲಿ ಒಂದು ವಿಶೇಷ ಕಾರಣವೂ ಇದ್ದೀತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಕನ್ನಡದ ಜೊತೆಗೆ ಉರ್ದು ನಡೆಯುತ್ತದೆ. ಉರ್ದುವಿನಲ್ಲಿ ಇದೇ ಅರ್ಥದ ‘ಭೀ’ ಬಿಡಿಯಾಗಿ ನಿಲ್ಲುವ ಪದ. ಓದುವವರ ಕಣ್ಣು ಅದರ ಮೇಲೆ ಬಿದ್ದೇ ಬೀಳುತ್ತದೆ. ಕನ್ನಡದಲ್ಲಿ ಅದು ಒಂದು ದೀರ್ಘ ಸ್ವರವಾಗಿ ನಾಮಪದದೊಳಗೆ ಕರಗಿರುತ್ತದೆ. ‘ಇಂಗ್ಲಿಷರು’, ‘ಇಂಗ್ಲಿಷರೂ’ ಎಂಬ ಎರಡರ ನಡುವೆ ಇರುವುದು ಕೊಂಬು ಹ್ರಸ್ವವೋ ದೀರ್ಘವೋ ಎಂಬಷ್ಟೇ ವ್ಯತ್ಯಾಸ. ‘ಅಂತೂ’, ‘ಮಾತ್ರ’ ಕೂಡ ಇದೇ ಕುಲದವು: ‘ಕೋಠಿಯಂತೂ’ ಎಂದರೆ ಉಳಿದವುಗಳ ಮಾತು ಆಗಲೇ ಬಂದಿದೆ ಎಂದರ್ಥ. ಕೊಂಡಿ ಹುಡುಕುವವರು ಸಾಲಿನ ಮೊದಲ ಪದವನ್ನಷ್ಟೇ ನೋಡದೆ, ಪ್ರತಿ ನಾಮಪದದ ಕೊನೆಯ ಅಕ್ಷರವನ್ನೂ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕರ್ತೃವೇ ಇಲ್ಲದ ವಾಕ್ಯ ಇನ್ನೂ ಸೂಕ್ಷ್ಮ. ‘ಸಿದ್ಧಾರೂಢರು ಹಳೇ ಹುಬ್ಬಳ್ಳಿಯಲ್ಲಿ ನೆಲೆಸಿದರು. ಜಾತಿ ನೋಡದೆ ಎಲ್ಲರಿಗೂ ಉಪದೇಶ ಕೊಟ್ಟರು. ಶಿವರಾತ್ರಿಯ ಜಾತ್ರೆಗೆ ಭಕ್ತರು ಇಂದಿಗೂ ಸೇರುತ್ತಾರೆ.’ ನಡುವಿನ ವಾಕ್ಯದಲ್ಲಿ ‘ಅವರು’ ಇಲ್ಲ. ‘ಕೊಟ್ಟರು’ ಎಂಬುದರ ‘ಅರು’ ಮಾತ್ರ ಇದೆ. ಕನ್ನಡದಲ್ಲಿ ಆ ಪ್ರತ್ಯಯ ಗೌರವದ ಒಬ್ಬರಿಗೂ ಸಲ್ಲುತ್ತದೆ, ಬಹುಜನಕ್ಕೂ ಸಲ್ಲುತ್ತದೆ. ಆ ವಾಕ್ಯವನ್ನು ಭಕ್ತರ ವಾಕ್ಯದ ನಂತರ ಒಯ್ದಿಟ್ಟರೆ ಭಕ್ತರೇ ಉಪದೇಶ ಕೊಟ್ಟಂತಾಗುತ್ತದೆ. ವ್ಯಾಕರಣ ಅದನ್ನು ತಡೆಯುವುದಿಲ್ಲ. ಆದ್ದರಿಂದ ಕರ್ತೃಲೋಪದ ವಾಕ್ಯ ತನ್ನ ಕರ್ತೃ ಇರುವ ವಾಕ್ಯದ ಬೆನ್ನಿಗೇ ನಿಲ್ಲಬೇಕು, ನಡುವೆ ಅದೇ ಪ್ರತ್ಯಯಕ್ಕೆ ಹೊಂದುವ ಇನ್ನೊಂದು ಕರ್ತೃ ನುಸುಳಬಾರದು. ಎದುರು ದಿಕ್ಕಿನ ತಪ್ಪೂ ಇದೆ. ‘ತಮ್ಮ ಗುರುಗಳ ನೆನಪಿಗೆ ಭಕ್ತರು ತೇರು ಎಳೆಯುತ್ತಾರೆ’ ಎಂಬಲ್ಲಿ ‘ತಮ್ಮ’ ಕಂಡೊಡನೆ ಹಿಂದಿನ ವಾಕ್ಯವನ್ನು ಹುಡುಕಬೇಕಿಲ್ಲ. ‘ತಾನು’, ‘ತಮ್ಮ’ ತಮ್ಮ ಒಡೆಯನನ್ನು ಸಾಮಾನ್ಯವಾಗಿ ಅದೇ ವಾಕ್ಯದಲ್ಲಿ, ಎಷ್ಟೋ ಸಲ ತಮಗಿಂತ ಮುಂದೆಯೇ ಪಡೆಯುತ್ತವೆ. ಅಂಥ ವಾಕ್ಯ ಆರಂಭಕ್ಕೂ ಸಲ್ಲುತ್ತದೆ.

ಆಡುಮಾತು ಒಂದೆಡೆ ದಾರಿ ತಪ್ಪಿಸುತ್ತದೆ. ‘ಮತ್ತ, ಊಟ ಆತೇನ್ರಿ?’ ಎಂದು ಹುಬ್ಬಳ್ಳಿಯಲ್ಲಿ ಮಾತು ಶುರುವಾಗುವುದುಂಟು. ಅಲ್ಲಿ ‘ಮತ್ತ’ ಹಿಂದಿನ ಯಾವ ಮಾತಿಗೂ ಕೊಂಡಿಯಲ್ಲ, ಮಾತಿಗೆ ಎಳೆಯುವ ಕರೆ. ಪರೀಕ್ಷೆಯ ಗದ್ಯದಲ್ಲಿ ‘ಮತ್ತೆ’ಗೆ ಆ ಸ್ವಾತಂತ್ರ್ಯವಿಲ್ಲ.

ಕೊಂಡಿಗಳು ಎಲ್ಲೆಡೆ ಒಂದೇ ಕ್ರಮವನ್ನು ಕೊಡುತ್ತವೆ ಎಂದು ಹೇಳಲಾಗದು. ‘ಹಳೇ ಹುಬ್ಬಳ್ಳಿಯಲ್ಲಿ ಭವಾನಿಶಂಕರ ದೇವಸ್ಥಾನವಿದೆ’, ‘ಹಳೇ ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠವಿದೆ’ ಎಂಬ ಎರಡು ವಾಕ್ಯಗಳನ್ನು ಹಿಂದುಮುಂದು ಮಾಡಿದರೆ ಯಾವ ಬೇಡಿಕೆಯೂ ಮುರಿಯುವುದಿಲ್ಲ. ಅಂಥ ಜೋಡಿ ಇರುವ ಪ್ರಶ್ನೆಗೆ ಒಂದೇ ಉತ್ತರವೆಂದು ಹೇಳುವುದು ಅಭ್ಯರ್ಥಿಗೆ ಮಾಡುವ ಅನ್ಯಾಯ. ಯಾವುದೇ ಎರಡು ವಾಕ್ಯಗಳನ್ನು ಅದಲುಬದಲು ಮಾಡಿದಾಗ ಒಂದಾದರೂ ಕೊಂಡಿ ಕಳಚಬೇಕು. ಕಳಚದಿದ್ದರೆ ದೋಷ ಪ್ರಶ್ನೆಯದು.

ಮೇಲಿನ ಐದು ವಾಕ್ಯಗಳಲ್ಲೂ ‘ಉ’ವನ್ನು ಬೇಕೆಂದೇ ತುಸು ಸಡಿಲವಾಗಿ ಬಿಟ್ಟಿದ್ದೇನೆ. ಚುರುಕಿನ ಓದುಗರು ಇ, ಅ, ಈ, ಉ, ಆ ಎಂಬ ಕ್ರಮವನ್ನು ಮುಂದಿಟ್ಟಾರು: ಮರಾಠರು ಊರನ್ನು ಲೂಟಿ ಮಾಡಿದರು, ಬಸಪ್ಪಶೆಟ್ಟರು ಹೊಸ ಹುಬ್ಬಳ್ಳಿ ಕಟ್ಟಿಸಿದರು, ಇಂಗ್ಲಿಷರೂ ಅಲ್ಲೊಂದು ಕೋಠಿ ತೆರೆದರು. ಇಲ್ಲಿ ಊಕಾರಕ್ಕೆ ಬಸಪ್ಪಶೆಟ್ಟರು ಜೊತೆಯಾಗುತ್ತಾರೆ. ಆಗ ಮುಂದಿನ ‘ಹೊಸದು’ ತನಗೆ ಹತ್ತಿರದ ಕೋಠಿಯನ್ನು ಹಿಡಿಯುತ್ತದೆ, ‘ಮೊದಲಿನ ಊರು’ ಎಂಬುದಕ್ಕೆ ಜೋಡಿ ತಪ್ಪುತ್ತದೆ ಎಂಬ ಉತ್ತರ ಇದ್ದೇ ಇದೆ. ಆದರೆ ಅದು ಸೋಲಿಸುವಷ್ಟು ಬಲವಾದ ಉತ್ತರವಲ್ಲ, ಏಕೆಂದರೆ ಓದುವ ಮನಸ್ಸು ಒಂದು ವಾಕ್ಯ ದಾಟಿಯೂ ‘ಹೊಸ ಹುಬ್ಬಳ್ಳಿ’ಯನ್ನು ನೆನಪಿಟ್ಟುಕೊಂಡೀತು. ಪ್ರಶ್ನೆಯನ್ನು ಬಿಗಿಗೊಳಿಸಲು ಒಂದು ಪದ ಸಾಕು: ‘ಇಂಗ್ಲಿಷರೂ ಅದಕ್ಕಾಗಿ ಅಲ್ಲೊಂದು ಕೋಠಿ ತೆರೆದರು.’ ‘ಅದಕ್ಕಾಗಿ’ ಒಂದು ಉದ್ದೇಶವನ್ನು ಬೇಡುತ್ತದೆ. ಐದು ವಾಕ್ಯಗಳಲ್ಲಿ ಕೋಠಿ ತೆರೆಯಲು ತಕ್ಕ ಉದ್ದೇಶ ‘ಬಟ್ಟೆ ಕೊಳ್ಳಲು’ ಎಂಬುದೊಂದೇ, ಅದಿರುವುದು ‘ಇ’ ವಾಕ್ಯದಲ್ಲಿ. ಲೂಟಿಯ ನಂತರ ಇಟ್ಟರೂ ಹೊಸ ಊರಿನ ನಂತರ ಇಟ್ಟರೂ ಆ ‘ಅದಕ್ಕಾಗಿ’ ತಪ್ಪು ಸಂಗತಿಗೆ ಅಂಟಿಕೊಳ್ಳುತ್ತದೆ. ಪ್ರಶ್ನೆ ತೆಗೆಯುವವರು ಆರಂಭವಾಕ್ಯವನ್ನು ಹಾಗೇ ಇಟ್ಟು ಉಳಿದ 24 ಕ್ರಮಗಳನ್ನೂ ಒಮ್ಮೆ ಗಟ್ಟಿಯಾಗಿ ಓದಿದರೆ ಇಂಥ ಸಡಿಲು ಕಿವಿಗೆ ಬೀಳುತ್ತದೆ. ಕೊಟ್ಟ ನಾಲ್ಕು ಆಯ್ಕೆಗಳನ್ನಷ್ಟೇ ಓದಿದರೆ ಬೀಳುವುದಿಲ್ಲ.