ಕಿರುಪಠ್ಯದಲ್ಲಿ ಅಂಕಿಅಂಶಗಳ ನಿರೂಪಣೆ

ಕಿರುಪಠ್ಯದಲ್ಲಿ ಅಂಕಿಅಂಶಗಳ ನಿರೂಪಣೆ ಎಂದರೆ ದೂರದರ್ಶನದ ಸುದ್ದಿ, ಕಿರುಚಿತ್ರ ಮೊದಲಾದವುಗಳ ಚಿಕ್ಕ ಪಠ್ಯದಲ್ಲಿ ಸಂಖ್ಯೆಗಳನ್ನು ಪೂರ್ಣಾಂಕಕ್ಕೆ ತಂದು, ವೀಕ್ಷಕರು ಕಣ್ಮುಂದೆ ತಂದುಕೊಳ್ಳಬಲ್ಲ ಒಂದು ಹೋಲಿಕೆಯೊಂದಿಗೆ ಹೇಳುವ ಕ್ರಮ. ಓದುಗನು ಹಿಂದಿನ ಸಾಲಿಗೆ ಮರಳಬಹುದು. ಕೇಳುಗನಿಗೆ ಆ ಅವಕಾಶವಿಲ್ಲದಿರುವುದೇ ಈ ಕ್ರಮಕ್ಕೆ ಕಾರಣ.

ಉದಾಹರಣೆ: ಟಿಎಂಸಿ

ಕರ್ನಾಟಕದ ಜಲಾಶಯಗಳ ವರದಿಗಳಲ್ಲಿ ನೀರಿನ ಪ್ರಮಾಣವನ್ನು ಟಿಎಂಸಿಯಲ್ಲಿ ಹೇಳುವುದು ರೂಢಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2,831.7 ಕೋಟಿ ಲೀಟರ್. ಈ ಎರಡೂ ಸಂಖ್ಯೆಗಳಿಂದ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಕಾವೇರಿ ಐದನೇ ಹಂತಕ್ಕೆ ಮೊದಲು ಬೆಂಗಳೂರಿಗೆ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಕಾವೇರಿ ನೀರು ಬರುತ್ತಿತ್ತು. 2,831.7ನ್ನು 145ರಿಂದ ಭಾಗಿಸಿದರೆ 19.5 ದಿನ. ಪಠ್ಯದಲ್ಲಿ ಇದು "ಒಂದು ಟಿಎಂಸಿ ಎಂದರೆ ಬೆಂಗಳೂರಿಗೆ ಸುಮಾರು 20 ದಿನದ ಕಾವೇರಿ ನೀರು" ಎಂಬ ಒಂದೇ ವಾಕ್ಯವಾಗುತ್ತದೆ. ಲೆಕ್ಕವನ್ನು ಮೂಲ ಸಂಖ್ಯೆಗಳಲ್ಲೇ ಮಾಡಿ, ಉತ್ತರವನ್ನು ಮಾತ್ರ ಪೂರ್ಣಾಂಕಕ್ಕೆ ತರಬೇಕು. ಮೊದಲೇ 145ನ್ನು 150 ಮಾಡಿಕೊಂಡರೆ ಉತ್ತರ 19ಕ್ಕೆ ಇಳಿಯುತ್ತದೆ.

ಹೋಲಿಕೆಗೂ ಆಯುಷ್ಯವಿದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದು ಪೂರ್ಣವಾಗಿ ಸೇರಿದರೆ ಅದೇ ಒಂದು ಟಿಎಂಸಿ ಸುಮಾರು 13 ದಿನಕ್ಕೆ ಮಾತ್ರ ಸಾಲುತ್ತದೆ. ಹಳೆಯ ಪಠ್ಯವನ್ನು ಹಾಗೆಯೇ ಮರುಬಳಸಿದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಪೂರ್ಣಾಂಕದ ಮಿತಿ

ಕೃಷ್ಣರಾಜಸಾಗರದ ಒಟ್ಟು ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ. ಇದನ್ನು "ಸುಮಾರು 50" ಎನ್ನಬಹುದು, "ಸುಮಾರು 49.45" ಎನ್ನುವುದು ತನ್ನನ್ನೇ ಅಲ್ಲಗಳೆಯುವ ಮಾತು, ಆದರೂ ಆಗಾಗ ಕೇಳಿಬರುತ್ತದೆ. ಆದರೆ ಅದೇ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟವಾದ 124.80 ಅಡಿಯನ್ನು 125 ಎಂದು ಹೇಳಲಾಗದು. ಹಾಗೆ ಹೇಳಿದರೆ ನೀರು ಗರಿಷ್ಠ ಮಟ್ಟವನ್ನು ಮೀರಿದೆ ಎಂದಾಗುತ್ತದೆ. ಸಂಖ್ಯೆಯೇ ಒಂದು ಗಡಿಯಾಗಿರುವಲ್ಲಿ ದಶಮಾಂಶವನ್ನು ಉಳಿಸಿಕೊಳ್ಳುವುದು ಅಗತ್ಯ.

ತಪ್ಪುದಾರಿಗೆಳೆಯುವ ಹೋಲಿಕೆಗಳು

ಮಟ್ಟವು 100 ಅಡಿಗೆ ಇಳಿದಾಗ "ಐದರಲ್ಲಿ ನಾಲ್ಕು ಭಾಗ ನೀರಿದೆ" ಎಂಬ ಚಿತ್ರ ಸುಲಭವಾಗಿ ಹೊಳೆಯುತ್ತದೆ. ಜಲಾಶಯವು ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಆ ಮಟ್ಟದಲ್ಲಿ ಇರುವ ನೀರು ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಹೋಲಿಕೆಗೆ ಅಡಿಯ ಬದಲು ಟಿಎಂಸಿಯನ್ನೇ ಆಧಾರವಾಗಿ ಹಿಡಿಯುವುದು ಸರಿ. ಇಪ್ಪತ್ತು ದಿನದ ಲೆಕ್ಕವನ್ನು ಇಡೀ ಜಲಾಶಯಕ್ಕೆ ಹಿಗ್ಗಿಸಿ ಬೆಂಗಳೂರಿಗೆ ವರ್ಷಗಟ್ಟಲೆ ನೀರಿದೆ ಎನ್ನುವುದೂ ತಪ್ಪು: ಆ ನೀರಿನಲ್ಲಿ ನೀರಾವರಿಗೂ ತಮಿಳುನಾಡಿಗೂ ಪಾಲಿದೆ, ತಳದ ಒಂದಷ್ಟು ನೀರು ಬಳಕೆಗೆ ಬರುವುದೂ ಇಲ್ಲ.

ನಗರದ ದಿನಗಳ ಜೊತೆಗೆ ಈಜುಕೊಳ, ಟ್ಯಾಂಕರ್‌ಗಳ ಲೆಕ್ಕವನ್ನೂ ಸೇರಿಸಿದರೆ ವೀಕ್ಷಕರು ಪ್ರತಿ ಬಾರಿಯೂ ಹೊಸ ಅಳತೆಗೋಲಿಗೆ ಹೊಂದಿಕೊಳ್ಳಬೇಕಾಗುತ್ತದೆ. ನಿಖರ ಸಂಖ್ಯೆಯನ್ನು ಬಯಸುವವರಿಗಾಗಿ ಅದನ್ನು ತೆರೆಯ ಮೇಲಿನ ಬರಹದಲ್ಲಿ ತೋರಿಸಿ, ಧ್ವನಿಯಲ್ಲಿ ಪೂರ್ಣಾಂಕವನ್ನು ಮಾತ್ರ ಹೇಳಬಹುದು.